ವಿಷಯ: ಐದನೇ ಸೆಮಿಸ್ಟರ್ ನಡೆಯುವಾಗಲೇ 4 ಕ್ರೆಡಿಟ್‌ನ ಇಂಟರ್ನ್‌ಶಿಪ್ ಮಾಡಲು ಅನುಮತಿ ಕೋರಿ

ಇವರಿಗೆ: ಇಂಟರ್ನ್‌ಶಿಪ್ ಸಂಯೋಜಕರು, ವಾಣಿಜ್ಯ ವಿಭಾಗ
ದಿನಾಂಕ: 20 ಜುಲೈ 2026
ಲಗತ್ತು: ಕಚೇರಿಯ ಒಪ್ಪಿಗೆ ಪತ್ರ, ದಿನವಾರು ವೇಳಾಪಟ್ಟಿ, ತಂದೆಯವರ ಸಹಿ ಇರುವ ಒಪ್ಪಿಗೆ

ಮಾನ್ಯ ಮೇಡಂ,

ನಮಸ್ಕಾರ. ನಾನು ಬಿ.ಕಾಂ. ಐದನೇ ಸೆಮಿಸ್ಟರ್ 'ಬಿ' ವಿಭಾಗದ ಕಾವ್ಯ ಎಚ್.ಎಂ., ಕ್ರಮ ಸಂಖ್ಯೆ 47. ನಮ್ಮ ಕೋರ್ಸ್ ಪಟ್ಟಿಯಲ್ಲಿರುವ 4 ಕ್ರೆಡಿಟ್‌ನ ಇಂಟರ್ನ್‌ಶಿಪ್ಪನ್ನು ರಜೆಗೆ ಕಾಯದೆ ಇದೇ ಸೆಮಿಸ್ಟರ್‌ನಲ್ಲಿ, ಆಗಸ್ಟ್ 5ರಿಂದ ಅಕ್ಟೋಬರ್ 31ರವರೆಗೆ ಮಾಡಲು ಅನುಮತಿ ಬೇಕಾಗಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಒಂದು ಲೆಕ್ಕಪರಿಶೋಧಕರ ಕಚೇರಿಯವರು ಜಿಎಸ್‌ಟಿ ರಿಟರ್ನ್ಸ್ ಕೆಲಸಕ್ಕೆ ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಕಚೇರಿಯ ಹೆಸರು, ವಿಳಾಸ, ಅವರ ಸದಸ್ಯತ್ವ ಸಂಖ್ಯೆ ಲಗತ್ತಿಸಿದ ಪತ್ರದಲ್ಲಿವೆ. ಇದು ಸಿಎ ಆರ್ಟಿಕಲ್‌ಶಿಪ್ ಅಲ್ಲ, ಅದಕ್ಕೆ ನಾನು ನೋಂದಾಯಿಸಿಕೊಂಡಿಲ್ಲ.

ರಜೆಯಲ್ಲಿ ಯಾಕೆ ಮಾಡಬಾರದು ಎಂದು ತಾವು ಮೊದಲು ಕೇಳಬಹುದು. ಜಿಎಸ್‌ಟಿ ಕೆಲಸ ತಿಂಗಳಿಗೊಂದು ಸುತ್ತು ತಿರುಗುತ್ತದೆ. 11ನೇ ತಾರೀಖಿನೊಳಗೆ ಮಾರಾಟದ ಬಿಲ್‌ಗಳ ಜಿಎಸ್‌ಟಿಆರ್-1, 14ಕ್ಕೆ ಪೋರ್ಟಲ್‌ನಲ್ಲಿ ಖರೀದಿಯ ಬಿಲ್‌ಗಳನ್ನು ತೋರಿಸುವ 2ಬಿ, 20ರೊಳಗೆ ತೆರಿಗೆ ಕಟ್ಟುವ 3ಬಿ. ಮೂರು ವಾರದ ರಜೆಯಲ್ಲಿ ಹೋದರೆ ಹೆಚ್ಚೆಂದರೆ ಒಂದು ಸುತ್ತು ನೋಡಲು ಸಿಗುತ್ತದೆ. ಆದರೆ ಒಂದು ತಿಂಗಳಲ್ಲಿ ಆದ ವ್ಯತ್ಯಾಸ ಸರಿಹೋಗುವುದು ಎಷ್ಟೋ ಸಲ ಎರಡು ತಿಂಗಳ ಆಚೆ.

ಒಂದು ಉದಾಹರಣೆ ಕೊಡುತ್ತೇನೆ. ಹಾರ್ಡ್‌ವೇರ್ ಅಂಗಡಿಯವರೊಬ್ಬರು ಜುಲೈನಲ್ಲಿ 42,000 ರೂಪಾಯಿಯ ಮಾಲು ತಂದಿದ್ದಾರೆ, ಶೇ. 18ರಂತೆ ತೆರಿಗೆ 7,560. ಬಿಲ್ ಕೈಯಲ್ಲಿದೆ, ಖರೀದಿ ಪುಸ್ತಕದಲ್ಲೂ ಬರೆದಾಗಿದೆ. ಆದರೆ ಮಾರಿದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿ. ಆಗಸ್ಟ್ 13ರೊಳಗೆ ಆ ಬಿಲ್ಲನ್ನು ಅಂಥವರು ತಿಂಗಳ ಬಿಲ್ ಏರಿಸಲು ಇರುವ ಐಎಫ್‌ಎಫ್‌ನಲ್ಲಿ ಏರಿಸದಿದ್ದರೆ 14ರ 2ಬಿಯಲ್ಲಿ ಅದು ಕಾಣಿಸುವುದಿಲ್ಲ. 2ಬಿಯಲ್ಲಿ ಇಲ್ಲದ ಬಿಲ್‌ಗೆ, ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಗುವ ಇನ್‌ಪುಟ್ ಕ್ರೆಡಿಟ್ ಇಲ್ಲ, ಆದ್ದರಿಂದ ಅಂಗಡಿಯವರು ಆ 7,560ನ್ನು ಆಗಸ್ಟ್ 20ರೊಳಗೆ ಕೈಯಿಂದ ಕಟ್ಟಬೇಕು. ಮಾರಿದವರು ತ್ರೈಮಾಸಿಕ ಜಿಎಸ್‌ಟಿಆರ್-1ನ್ನು ಅಕ್ಟೋಬರ್ 13ಕ್ಕೆ ಹಾಕಿದರೆ ಅಕ್ಟೋಬರ್ 14ರ 2ಬಿಯಲ್ಲಿ ಬಿಲ್ ಬರುತ್ತದೆ, ಕ್ರೆಡಿಟ್ ಸಿಗುವುದು ಆಗ. ಆಗಸ್ಟ್‌ನಲ್ಲಿ ಕಾಣೆಯಾದ ಬಿಲ್ ಅಕ್ಟೋಬರ್‌ನಲ್ಲಿ ಪತ್ತೆಯಾಗುವುದನ್ನು ನೋಡಬೇಕಾದರೆ ಈ ಮೂರೂ ತಿಂಗಳು ಅಲ್ಲಿರಬೇಕು. ನಾನು ಆಗಸ್ಟ್‌ನಿಂದ ಅಕ್ಟೋಬರ್ ಎಂದು ಕೇಳುತ್ತಿರುವುದು ಇದಕ್ಕೇ.

ನನಗೆ ಕೊಡುವ ಕೆಲಸ ಮುಖ್ಯವಾಗಿ ಖರೀದಿ ಪುಸ್ತಕವನ್ನು 2ಬಿ ಜೊತೆ ತಾಳೆ ನೋಡುವುದು. ಬಿಲ್‌ನಲ್ಲಿ HS/0145 ಎಂದಿದ್ದು ಪೋರ್ಟಲ್‌ನಲ್ಲಿ ಬರೀ 145 ಎಂದು ಬಿದ್ದಿರುವುದು, ನೋಂದಣಿ ಸಂಖ್ಯೆಯ ಒಂದು ಅಕ್ಷರ ತಪ್ಪಾಗಿರುವುದು, ನೋಂದಾಯಿತ ಗ್ರಾಹಕರಿಗೆ ಮಾರಿದ್ದನ್ನು ಸಾಮಾನ್ಯ ಗ್ರಾಹಕರ ಲೆಕ್ಕಕ್ಕೆ ಸೇರಿಸಿರುವುದು, ಇಂಥವನ್ನೆಲ್ಲ ಬೇರೆ ಬೇರೆ ಪಟ್ಟಿ ಮಾಡಿ ಹಿರಿಯರಿಗೆ ಒಪ್ಪಿಸಬೇಕು. ಗ್ರಾಹಕರ ಪಾಸ್‌ವರ್ಡ್, ಒಟಿಪಿ ನನ್ನ ಕೈಗೆ ಬರುವುದಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ಹೆಜ್ಜೆ ಕಚೇರಿಯವರದ್ದೇ.

ಗಂಟೆಗಳ ಲೆಕ್ಕ ಹೀಗಿದೆ. ಯುಜಿಸಿ ಮಾರ್ಗಸೂಚಿಯಂತೆ ಇಂಟರ್ನ್‌ಶಿಪ್‌ನ 1 ಕ್ರೆಡಿಟ್‌ಗೆ 30 ಗಂಟೆ, 4 ಕ್ರೆಡಿಟ್‌ಗೆ 120. ನಮ್ಮ ತರಗತಿ 2.15ಕ್ಕೆ ಮುಗಿಯುವುದರಿಂದ ಮಧ್ಯಾಹ್ನ 3ರಿಂದ 6ರವರೆಗೆ 26 ದಿನ ಹೋದರೆ 78 ಗಂಟೆ ಆಗುತ್ತದೆ. ಉಳಿದ 42 ಗಂಟೆಗೆ ಆರು ಪೂರ್ತಿ ದಿನ ಬೇಕು, ಊಟದ ಹೊತ್ತು ಕಳೆದು ದಿನಕ್ಕೆ 7 ಗಂಟೆ. ಆಗಸ್ಟ್ 10 ಮತ್ತು 19, ಸೆಪ್ಟೆಂಬರ್ 10 ಮತ್ತು 18, ಅಕ್ಟೋಬರ್ 9 ಮತ್ತು 16. ಕೊನೆಯ ದಿನಾಂಕಗಳ ಹಿಂದುಮುಂದಿನ ದಿನಗಳನ್ನೇ ಆರಿಸಿದ್ದೇನೆ. ಅಕ್ಟೋಬರ್ 20 ದಸರಾ ಹಬ್ಬದ ದಿನ, 3ಬಿಗೂ ಅದೇ ಕೊನೆಯ ದಿನ, ಹಾಗಾಗಿ ಆ ತಿಂಗಳ ಕೆಲಸವನ್ನು ಮುಂಚೆಯೇ ಮುಗಿಸುತ್ತಾರಂತೆ.

ಈ ಆರು ದಿನಗಳಿಗೆ ಆನ್ ಡ್ಯೂಟಿ, ಅಂದರೆ ಓಡಿ, ಕೊಡಬೇಕೆಂದು ವಿನಂತಿ. ಹಾಜರಾತಿಗೆ ತೊಂದರೆಯಾಗುವುದೇ ಎಂದು ನೋಡಿದ್ದೇನೆ. ವಾರಕ್ಕೆ 4 ತರಗತಿ ಇರುವ ವಿಷಯಕ್ಕೆ 15 ವಾರದಲ್ಲಿ 60 ತರಗತಿ. ಆರು ದಿನವೂ ಆ ವಿಷಯ ಇತ್ತೆಂದುಕೊಂಡರೂ 54 ಉಳಿಯುತ್ತದೆ, ಅಂದರೆ ಶೇ. 90. ಓಡಿ ಸಿಗದಿದ್ದರೂ ಶೇ. 75ರ ಕೆಳಗೆ ಹೋಗುವುದಿಲ್ಲ, ಆದರೆ ಜ್ವರ ಬಂದರೆ ಹಾಕಲು ರಜೆ ಅಷ್ಟು ಕಡಿಮೆಯಾಗುತ್ತದೆ. ಆ ದಿನಗಳ ನೋಟ್ಸನ್ನು ಮರುದಿನವೇ ಬರೆದುಕೊಳ್ಳುತ್ತೇನೆ.

ಎರಡನೇ ಆಂತರಿಕ ಪರೀಕ್ಷೆ ಅಕ್ಟೋಬರ್ 12ರಿಂದ 15ರವರೆಗೆ ಇದೆ. ಅದು 2ಬಿ ಬರುವ ದಿನದ ಮೇಲೇ ಬೀಳುತ್ತದೆ. ಆ ನಾಲ್ಕು ದಿನ ಕಚೇರಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿ ಒಪ್ಪಿಸಿದ್ದೇನೆ, ಪತ್ರದಲ್ಲೂ ಬರೆಸಿದ್ದೇನೆ. ಯಾವುದಾದರೂ ಮಧ್ಯಾಹ್ನ ತಪ್ಪಿದರೆ ಅಕ್ಟೋಬರ್ 26ರಿಂದ 31ರೊಳಗೆ ತುಂಬಿಕೊಡಬಹುದು.

ಪ್ರಯಾಣಕ್ಕೆಂದು ತಿಂಗಳಿಗೆ 2,500 ರೂಪಾಯಿ ಕೊಡುತ್ತಾರೆ. ಸಂಬಳ ಇಲ್ಲ.

ಕ್ರೆಡಿಟ್ ವಿಚಾರಕ್ಕೆ ನಾನು ಕೊಡಬಹುದಾದ ದಾಖಲೆಗಳು: ಬಂದ ಹೋದ ಸಮಯ ಮತ್ತು ಆ ದಿನದ ಕೆಲಸ ಬರೆದು ಕಚೇರಿಯವರ ಸಹಿ ಹಾಕಿಸಿದ ದಿನಚರಿ ಪುಸ್ತಕ, ತಿಂಗಳಿಗೊಂದು ಎರಡು ಪುಟದ ವರದಿ, ಕೊನೆಗೆ ಸುಮಾರು 25 ಪುಟದ ಪೂರ್ಣ ವರದಿ. ಪ್ರಮಾಣಪತ್ರದಲ್ಲಿ 'ಮೂರು ತಿಂಗಳು' ಎಂದಷ್ಟೇ ಬರೆದರೆ ಗಂಟೆ ಲೆಕ್ಕ ಹಾಕಲಾಗದೆ ಕ್ರೆಡಿಟ್ ನಿಂತುಹೋಗಬಹುದು. ಅದಕ್ಕೆ ಒಟ್ಟು ಗಂಟೆಯನ್ನೂ ಆರಂಭ ಮತ್ತು ಮುಕ್ತಾಯದ ದಿನಾಂಕವನ್ನೂ ನಮೂದಿಸಲು ಕೇಳಿಕೊಂಡಿದ್ದೇನೆ. ವರದಿಯಲ್ಲಿ ಗ್ರಾಹಕರ ಹೆಸರು, ನೋಂದಣಿ ಸಂಖ್ಯೆ ಇರುವುದಿಲ್ಲ. 'ವ್ಯಾಪಾರಿ 1', 'ವ್ಯಾಪಾರಿ 2' ಎಂದೇ ಬರೆಯಬೇಕೆಂಬುದು ಕಚೇರಿಯ ಷರತ್ತು. ಮೌಲ್ಯಮಾಪನಕ್ಕೆ ಮೂಲ ಕಾಗದ ನೋಡಲೇಬೇಕೆಂದರೆ ತಾವು ಕಚೇರಿಗೇ ಬಂದು ನೋಡಬಹುದು ಎಂದಿದ್ದಾರೆ. ಮಾರ್ಗದರ್ಶಕರಾಗಿ ಪರೋಕ್ಷ ತೆರಿಗೆ ಪಾಠ ಮಾಡುವ ಸರ್ ಅವರನ್ನು ನೇಮಿಸಿದರೆ ಅನುಕೂಲ. ಅವರ ಬಳಿ ಮಾತಾಡಿದ್ದೇನೆ, ತಾವು ಹೇಳಿದರೆ ಒಪ್ಪುವುದಾಗಿ ತಿಳಿಸಿದ್ದಾರೆ.

ಅನುಮತಿಗೆ ಮುಂಚೆ ಮಾಡಿದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ವಿಭಾಗದ ಸೂಚನೆಯಲ್ಲಿದೆ. ಆದ್ದರಿಂದ ಇನ್ನೂ ಕೆಲಸ ಶುರು ಮಾಡಿಲ್ಲ. ಕಚೇರಿಯವರು ಜುಲೈ 30ರೊಳಗೆ ಕಾಲೇಜಿನ ಪತ್ರ ಕೇಳಿದ್ದಾರೆ, ತಡವಾದರೆ ಆ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ಪ್ರಾಂಶುಪಾಲರ ಸಹಿಯೂ ಬೇಕಿದ್ದರೆ ಮುದ್ರಿತ ಅರ್ಜಿಯನ್ನು ನಾಳೆ ಬೆಳಿಗ್ಗೆಯೇ ತಂದುಕೊಡುತ್ತೇನೆ. ಆರು ದಿನದ ಓಡಿ ಹೆಚ್ಚಾಯಿತು ಎನಿಸಿದರೆ ನಾಲ್ಕಕ್ಕೆ ಇಳಿಸಿ, ಉಳಿದ 14 ಗಂಟೆಯನ್ನು ಐದು ಮಧ್ಯಾಹ್ನಗಳಿಗೆ ಹಂಚಿಕೊಳ್ಳಲೂ ಸಾಧ್ಯ. ಆದರೆ ಆಗಸ್ಟ್ 19 ಮತ್ತು ಅಕ್ಟೋಬರ್ 16ನ್ನು ಮಾತ್ರ ಉಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
ಕಾವ್ಯ ಎಚ್.ಎಂ.
ಬಿ.ಕಾಂ. ಐದನೇ ಸೆಮಿಸ್ಟರ್, 'ಬಿ' ವಿಭಾಗ, ಕ್ರಮ ಸಂಖ್ಯೆ 47