ಪ್ರಸಂಗ: ಎರಡೇ ನಿಮಿಷದ ಮಹಾರಾಜರು

(ಮಾಚೇನಹಳ್ಳಿಯ ನಮ್ಮ ಎರಕದ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಯಕ್ಷಗಾನದ ಧಾಟಿಯ ಕಿರುನಾಟಕ. ಅವಧಿ ಹದಿನೈದು ನಿಮಿಷ.)

ಚೌಕಿಯಲ್ಲಿ ಎಲ್ಲರೂ ಕೂಡಿ ಓದಬೇಕಾದದ್ದು

ನಾವು ಆಡುವುದು ಮಾತನ್ನು, ಮನುಷ್ಯರನ್ನಲ್ಲ. ಸಭೆಯಲ್ಲಿ ಎಲ್ಲರ ಕಿವಿಗೂ ಬಿದ್ದ ಮಾತುಗಳನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇವೆ. ಒಬ್ಬೊಬ್ಬ ರಾಜನ ಬಾಯಲ್ಲೂ ಮೂರ್ನಾಲ್ಕು ವ್ಯವಸ್ಥಾಪಕರ ಮಾತು ಸೇರಿದೆ. ಯಾರ ನಡಿಗೆ, ದನಿ, ಮೈಕಟ್ಟು, ಊರಿನ ಭಾಷೆ, ಜಾತಿ, ಮನೆಯ ಸಂಗತಿ ಯಾವುದೂ ರಂಗಕ್ಕೆ ಬರಕೂಡದು. ಸಂಬಳ, ಬಡ್ತಿ, ರಜೆ, ಕೆಲಸ ಬಿಟ್ಟುಹೋದವರ ಸುದ್ದಿಯೂ ಬೇಡ.

ವ್ಯವಸ್ಥಾಪಕರೆಲ್ಲರೂ ಈ ಪ್ರತಿಯನ್ನು ಓದಿ ಒಪ್ಪಿದ್ದಾರೆ. ಅವರು ಹೊಡೆದುಹಾಕಿದ ಎರಡು ಸಾಲುಗಳನ್ನು ಕಾರಣ ಕೇಳದೆ ಬಿಟ್ಟಿದ್ದೇವೆ. ನಾಟಕದಲ್ಲಿ ಆಡಿದ ಮಾತು ಯಾರ ವಾರ್ಷಿಕ ಮೌಲ್ಯಮಾಪನಕ್ಕೂ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾರ್ಖಾನೆಯ ಮುಖ್ಯಸ್ಥರು ಸಹಿ ಹಾಕಿದ ಪತ್ರ ಸೂಚನಾ ಫಲಕದಲ್ಲಿದೆ. ಆದರೂ ರಾಜರ ಪಾತ್ರಗಳನ್ನು ಕಾಯಂ ನೌಕರರೇ ಮಾಡಬೇಕು. ಗುತ್ತಿಗೆಯ ಗೆಳೆಯರು ಹಿಮ್ಮೇಳದಲ್ಲಿ ಇರಲಿ. ಅವರ ಕರಾರು ವರ್ಷ ವರ್ಷ ನವೀಕರಣವಾಗಬೇಕು. ಒಂದು ನಗೆಗಾಗಿ ಅವರ ಅನ್ನವನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ರಂಗದ ಮೇಲೆ ಹೊಸ ಮಾತು ಸೇರಿಸಬೇಡಿ. ಚಪ್ಪಾಳೆ ಬಿದ್ದಾಗಲೇ ನಾಲಿಗೆ ಜಾರುವುದು. ಯಾರಾದರೂ ಜಾರಿದರೆ ಭಾಗವತರು ತಾಳವನ್ನು ಎರಡು ಬಾರಿ ಬಾರಿಸುತ್ತಾರೆ, ಕೂಡಲೇ ಮುಂದಿನ ಸಾಲಿಗೆ ಹೋಗಿ. ಮೊಬೈಲಿನಲ್ಲಿ ಚಿತ್ರೀಕರಣವಿಲ್ಲ. ಇದನ್ನು ನಿರೂಪಕರು ಮೊದಲೇ ಹೇಳುತ್ತಾರೆ.

ವೇಷ: ಎಲ್ಲ ರಾಜರಿಗೂ ಅಡಿಕೆ ಹಾಳೆಯ ಒಂದೇ ಬಗೆಯ ಕಿರೀಟ, ಬಣ್ಣದ ಶಾಲು. ಕನ್ನಡಕ, ಮೀಸೆ, ಕೈಚೀಲ ಬೇಡ.

ರಂಗಸ್ಥಳ

(ಚೆಂಡೆ, ಮದ್ದಳೆ. ಭಾಗವತರು ತಾಳ ಹಿಡಿದು ಕುಳಿತಿದ್ದಾರೆ. ಹಾಸ್ಯಗಾರ ತಲೆಗೆ ಹೆಲ್ಮೆಟ್, ಕೈಗೆ ಕೈಗವಸು ಹಾಕಿಕೊಂಡು ಬರುತ್ತಾನೆ. ಒಂದು ಗವಸು ಹರಿದಿದೆ, ಹೆಬ್ಬೆರಳು ಹೊರಗೆ ಕಾಣುತ್ತದೆ.)

ಭಾಗವತ (ಹಾಡುತ್ತಾ):
ಬಂದರು ರಾಜರು ಸಭೆಯ ಕರೆದರು
ಎರಡೇ ನಿಮಿಷ ಎಂದರು |
ತಂದಿಟ್ಟ ಚಹವು ಆರಿ ತಣ್ಣಗಾಯಿತು
ಮೊದಲ ಮಾತಿನಲ್ಲೇ ನಿಂದರು ||

(ಮೊದಲನೆಯ ರಾಜ ಕುಣಿಯುತ್ತಾ ಪ್ರವೇಶ.)

ಭಾಗವತ: ಬಂದವರು ಯಾರು? ತಮ್ಮ ನಾಮಧೇಯವೇನು?

ಮೊದಲನೆಯ ರಾಜ: ಉತ್ಪಾದನಾ ದೇಶಕ್ಕೆ ಅಧಿಪತಿ, ಎರಡೇ ನಿಮಿಷದ ಮಹಾರಾಜ! ಎಲ್ಲರೂ ಬನ್ನಿ, ನಿಂತೇ ಮಾತನಾಡೋಣ. ಎರಡೇ ನಿಮಿಷ.

ಹಾಸ್ಯಗಾರ: ಭಾಗವತರೇ, ಇವರ ಹಿಂದಿನ ಎರಡು ನಿಮಿಷ ಶುರುವಾದಾಗ ಆಗುಂಬೆಯಲ್ಲಿ ಮೊದಲ ಮಳೆ ಬಿದ್ದಿತ್ತು. ಮುಗಿದು ಹೊರಗೆ ಬಂದಾಗ ಗಾಜನೂರಿನಲ್ಲಿ ತುಂಗಾ ಅಣೆಕಟ್ಟು ತುಂಬಿ ಗೇಟು ತೆರೆದಿದ್ದರು!

ಮೊದಲನೆಯ ರಾಜ: ಕೊನೆಯ ಒಂದು ಅಂಶ.

ಹಾಸ್ಯಗಾರ: ಇದು ಆರನೆಯ ಕೊನೆಯ ಅಂಶ, ಸ್ವಾಮೀ. ಅತ್ತ ಕುಲುಮೆಯಲ್ಲಿ ಕಬ್ಬಿಣ ಕರಗಿ ಕಾಯುತ್ತಿದೆ. ಸೌಟಿನಲ್ಲಿ ತಣ್ಣಗಾದರೆ ಅಚ್ಚಿಗೆ ಇಳಿಯುವುದಿಲ್ಲ.

ಮೊದಲನೆಯ ರಾಜ: ಒಳ್ಳೆಯ ವಿಷಯ! ಇದರ ಬಗ್ಗೆ ಪ್ರತ್ಯೇಕ ಸಭೆ ಮಾಡೋಣ. ಎರಡೇ ನಿಮಿಷ.

(ಚೆಂಡೆ. ರಾಜ ಪಕ್ಕದ ಕುರ್ಚಿಯಲ್ಲಿ ಕುಳಿತು ಗಡಿಯಾರ ನೋಡುತ್ತಾನೆ. ಎರಡನೆಯ ರಾಜನ ಪ್ರವೇಶ, ಕೈಯಲ್ಲಿ ದೊಡ್ಡ ಭೂತಗನ್ನಡಿ.)

ಎರಡನೆಯ ರಾಜ: ಗುಣಮಟ್ಟ ಪುರದ ಮೂಲಕಾರಣ ಮಹಾರಾಜ ನಾನು! ಈ ಎರಕದಲ್ಲಿ ಗಾಳಿಗುಳ್ಳೆ ಬಂದಿದೆ. ಏಕೆ?

ಹಾಸ್ಯಗಾರ: ಮರಳಿನಲ್ಲಿ ತೇವ ಹೆಚ್ಚಾಗಿತ್ತು, ಸ್ವಾಮೀ. ಬಿಸಿ ಲೋಹ ತಾಗಿದ ಕೂಡಲೇ ಆವಿ ಎದ್ದಿತು.

ಎರಡನೆಯ ರಾಜ: ತೇವ ಏಕೆ?

ಹಾಸ್ಯಗಾರ: ಆಷಾಢದ ಮಳೆ.

ಎರಡನೆಯ ರಾಜ: ಮಳೆ ಏಕೆ?

ಹಾಸ್ಯಗಾರ: ಅರಬ್ಬೀ ಸಮುದ್ರದ ಮೋಡವನ್ನು ಪಶ್ಚಿಮ ಘಟ್ಟ ತಡೆಯಿತು.

ಎರಡನೆಯ ರಾಜ: ಘಟ್ಟ ಅಲ್ಲಿ ಏಕಿದೆ?

ಹಾಸ್ಯಗಾರ: ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದಕ್ಕೆ ತಳ್ಳಿದಾಗ ಘಟ್ಟವನ್ನು ಬಿಟ್ಟುಹೋದನಂತೆ!

ಎರಡನೆಯ ರಾಜ (ಭೂತಗನ್ನಡಿ ಎತ್ತಿ, ಸಂತೋಷದಿಂದ): ಸಿಕ್ಕಿತು ಮೂಲಕಾರಣ! ಸರಿಪಡಿಸುವ ಕ್ರಮ?

ಹಾಸ್ಯಗಾರ: ಘಟ್ಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸುವುದು.

ಎರಡನೆಯ ರಾಜ: ಜವಾಬ್ದಾರಿ ಯಾರದು? ಗಡುವು ಶನಿವಾರ!

(ಹಿಮ್ಮೇಳದವರೆಲ್ಲರೂ ಎದ್ದು ಹಗ್ಗ ಹಿಡಿದು ಇಲ್ಲದ ಬೆಟ್ಟವನ್ನು ಎಳೆಯುತ್ತಾರೆ. ಇದಕ್ಕೆ ಸಾಕಷ್ಟು ಹೊತ್ತು ಕೊಡಿ, ಅವಸರ ಬೇಡ. ಮೂರನೆಯ ರಾಜ ಆ ಹಗ್ಗವನ್ನು ದಾಟಿಕೊಂಡು ಬರುತ್ತಾನೆ.)

ಮೂರನೆಯ ರಾಜ: ಉಗ್ರಾಣಾಧೀಶ್ವರ, ಮೇಲ್ ಹಾಕಿ ಮಹಾರಾಜ!

ಹಾಸ್ಯಗಾರ: ಸ್ವಾಮೀ, ಗವಸು ಹರಿದಿದೆ. ಹೊಸದು ಬೇಕು.

ಮೂರನೆಯ ರಾಜ: ಒಂದು ಮೇಲ್ ಹಾಕಿ.

ಹಾಸ್ಯಗಾರ: ನಾನು ತಮ್ಮ ಎದುರಿಗೇ ನಿಂತಿದ್ದೇನೆ.

ಮೂರನೆಯ ರಾಜ: ಎದುರಿಗೆ ನಿಂತಿದ್ದೀರಿ ಎಂಬುದನ್ನೂ ಮೇಲಿನಲ್ಲಿ ನಮೂದಿಸಿ. ಎಲ್ಲರಿಗೂ ಪ್ರತಿ ಕಳುಹಿಸಿ.

ಹಾಸ್ಯಗಾರ: ಸ್ವಾಮೀ, ತಮ್ಮ ಕಿರೀಟ ಜಾರುತ್ತಿದೆ!

ಮೂರನೆಯ ರಾಜ: ಒಂದು ಮೇಲ್... (ಕಿರೀಟ ಬೀಳುತ್ತದೆ.) ತುರ್ತು ಎಂದು ಗುರುತು ಹಾಕಿ!

(ಮೂವರು ರಾಜರೂ ಸೇರಿ ಕುಣಿಯುತ್ತಾರೆ: “ಎರಡೇ ನಿಮಿಷ!” “ಏಕೆ?” “ಮೇಲ್ ಹಾಕಿ!” ಮೂರು ಮಾತೂ ತಾಳಕ್ಕೆ ಸೇರಿ ಚೆಂಡೆಯ ಬೋಲಿನಂತೆ ಕೇಳಬೇಕು.)

ಹಾಸ್ಯಗಾರ (ಹುರುಪಿನಿಂದ): ಭಾಗವತರೇ, ಇನ್ನೂ ಇದೆ! ಕಳೆದ ವರ್ಷದ ಸಂಬಳ ಏರಿಕೆಯ ಪ್ರಸಂಗ...

ಭಾಗವತ (ತಾಳ ಎರಡು ಬಾರಿ): ನಿಲ್ಲು! ಅದು ನಮ್ಮ ಮೇಳದ ಪ್ರಸಂಗವಲ್ಲ.

ಹಾಸ್ಯಗಾರ: ಹಾಗಾದರೆ ಅವರು ನಡೆಯುವ ರೀತಿ?

ಭಾಗವತ (ತಾಳ ಎರಡು ಬಾರಿ): ನಡಿಗೆ ಅವರವರ ಸ್ವಂತದ್ದು. ಮಾತು ಸಭೆಗೆ ಬಂದದ್ದು. ಸಭೆಗೆ ಬಂದದ್ದನ್ನು ಮಾತ್ರ ಆಡು.

ಹಾಸ್ಯಗಾರ: ಒಪ್ಪಿದೆ. ಹಾಗಿದ್ದರೆ ಪ್ರಜೆಗಳ ಮಾತೂ ಸಭೆಗೆ ಬಂದದ್ದಲ್ಲವೇ?

ಭಾಗವತ: ಬಂದದ್ದೇ! ರಾಜರೇ, ಪ್ರಜೆಗಳ ಮಾತನ್ನು ತಾವು ಆಡಿ.

(ಮೂವರೂ ಕಿರೀಟ ತೆಗೆದು ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ಹಾಸ್ಯಗಾರ ಬಿದ್ದ ಕಿರೀಟವನ್ನು ತಲೆಗೇರಿಸಿ ಕುರ್ಚಿಯಲ್ಲಿ ಕೂರುತ್ತಾನೆ.)

ಮೊದಲನೆಯ ರಾಜ: ಹೊರಟಿದ್ದೇನೆ ಸಾರ್, ಆಗಲೇ ವಿದ್ಯಾನಗರ ದಾಟಿದೆ. (ಹಾಸಿಗೆಯಿಂದ ಎದ್ದು ಆಕಳಿಸುವ ಅಭಿನಯ.)

ಎರಡನೆಯ ರಾಜ: ಹಿಂದಿನ ಪಾಳಿಯವರು ಮಾಡಿದ್ದು ಸಾರ್, ನಾವು ಬಂದಾಗಲೇ ಹೀಗಿತ್ತು.

ಮೂರನೆಯ ರಾಜ: ತೊಂಬತ್ತು ಭಾಗ ಮುಗಿದಿದೆ ಸಾರ್. ಇನ್ನು ಸ್ವಲ್ಪ ಮಾತ್ರ.

ಹಾಸ್ಯಗಾರ: ಹೋದ ತಿಂಗಳೂ ತೊಂಬತ್ತೇ ಆಗಿತ್ತಲ್ಲ! ಏಕೆ? (ತನ್ನ ಬಾಯನ್ನು ತಾನೇ ಮುಚ್ಚಿಕೊಂಡು) ಭಾಗವತರೇ, ಈ ಕಿರೀಟದೊಳಗೆ ಏನೋ ಇದೆ! ನನ್ನ ಬಾಯಿಂದಲೂ “ಏಕೆ” ಬಂದಿತು!

ಭಾಗವತ: ತೆಗೆದು ಇಡು ಹಾಗಾದರೆ.

ಹಾಸ್ಯಗಾರ: ಇಡುತ್ತೇನೆ. ಎರಡೇ ನಿಮಿಷ!

(ಎಲ್ಲರೂ ಮುಂದೆ ಬಂದು ಕೈಮುಗಿಯುತ್ತಾರೆ.)

ಭಾಗವತ (ಮಂಗಳ):
ಅಚ್ಚಿಗೆ ಎರೆದ ಲೋಹ ಗಟ್ಟಿಯಾಗಲಿ
ದುಡಿದ ಕೈಗೆ ಗಾಯ ಬಾರದಿರಲಿ |
ಮೆಚ್ಚಿ ನಕ್ಕವರ ಮನೆ ತಣ್ಣಗಿರಲಿ
ನಾಳಿನ ಪಾಳಿ ಸುಖವಾಗಿ ನಡೆಯಲಿ ||

ಹಾಸ್ಯಗಾರ: ಊಟಕ್ಕೆ ಎಲೆ ಹಾಕಿದ್ದಾರೆ. ಹಲಸಿನ ಹಪ್ಪಳ, ಕಡುಬು ಇವೆ. ಮೇಲ್ ಹಾಕದೆಯೇ ಬಡಿಸುತ್ತಾರೆ, ಬನ್ನಿ!

(ಚೆಂಡೆ. ತೆರೆ.)