ಹಲ್ಲಿಗೆ ಹೋಗಿ ಬಂದ ಹುಡುಗಿ

ಮುಖ್ಯೋಪಾಧ್ಯಾಯಿನಿಯವರೇ, ಸಹೋದ್ಯೋಗಿಗಳೇ, ಕೆಲಸಕ್ಕೆ ರಜೆ ಹಾಕಿ ಬಂದಿರುವ ಅಪ್ಪ ಅಮ್ಮಂದಿರೇ, ಅರ್ಧ ಗಂಟೆಯಿಂದ ಬಿಸಿಲಲ್ಲಿ ಕೂತಿರುವ ಮಕ್ಕಳೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಕನ್ನಡ ಮೇಷ್ಟ್ರ ಕೈಗೆ ಮೈಕು ಸಿಕ್ಕರೆ ಏನಾಗುತ್ತದೆ ಅಂತ ಮೇಡಂಗೆ ಗೊತ್ತು. ಅದಕ್ಕೇ ಬಾಳೆಹಣ್ಣಿನ ಬುಟ್ಟಿಯನ್ನು ನಿಮಗೆಲ್ಲ ಕಾಣುವ ಹಾಗೆ ಇಲ್ಲೇ ಇಡಿಸಿದ್ದಾರೆ. ನಾನು ಮುಗಿಸಿದ ಮೇಲೇ ಹಂಚುವುದು. ಆ ಬುಟ್ಟಿಯ ಮೇಲೆ ಒಂದು ಕಣ್ಣಿಟ್ಟಿರಿ, ನನಗೂ ಅದರಿಂದ ಕೆಲಸವಿದೆ.

ಈ ವರ್ಷ ಏಳನೇ ತರಗತಿಗೆ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಬಿಹಾರದ ಕಡೆಯವಳು. ಅವಳನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ, ಹೆಸರು ಮಾತ್ರ ಬೇಡ ಸರ್ ಅಂದಿದ್ದಾಳೆ. ದಸರಾ ರಜೆ ಮುಗಿಸಿ ಬಂದವಳನ್ನು ಎಲ್ಲಿಗೆ ಹೋಗಿದ್ದೆ ಅಂತ ಕೇಳಿದೆ. ಎದ್ದು ನಿಂತು, ಪಾಪ, ಪೂರಾ ಕನ್ನಡದಲ್ಲೇ ಹೇಳಿದಳು: "ನಮ್ಮ ಹಲ್ಲಿಗೆ ಹೋಗಿದ್ದೆ ಸರ್."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನವನೊಬ್ಬ ಗೋಡೆ ತೋರಿಸಿ ಲೊಚ್ ಲೊಚ್ ಅಂತ ಸದ್ದು ಮಾಡಿದ. ನಾನು ಬೋರ್ಡಿನ ಮೇಲೆ ಎರಡನ್ನೂ ಬರೆದೆ. ಹಲ್ಲಿ, ಹಳ್ಳಿ. ಎರಡೆರಡು ಸಲ ಓದಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದು ಕೇಳಿದಳು: "ಸರ್, ಎರಡೂ ಒಂದೇ ಥರ ಇದೆಯಲ್ಲ?"

ಆ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಅವಳಿಗೆ ನಾಲಿಗೆ ಹೊರಳುತ್ತಿಲ್ಲ ಅಂದುಕೊಂಡಿದ್ದೆ. ಅವಳ ಕಿವಿಗೇ ಆ ಎರಡು ಸದ್ದು ಬೇರೆಯಾಗಿ ಬೀಳುತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ನಕ್ಕವರಿಗೆ ಅವಳೂ ಒಂದು ಪಾಠ ಮಾಡಿದಳು. ಹಿಂದಿಯಲ್ಲಿ 'ಪೂಛ್' ಅಂದರೆ ಕೇಳು. ಅದನ್ನೇ ಮೂಗಿನಲ್ಲಿ ಹೊರಡಿಸಿದರೆ, 'ಪೂಁಛ್', ಬಾಲ. ನಮ್ಮವರು ಒಬ್ಬೊಬ್ಬರಾಗಿ ಎದ್ದು 'ಪೂಂಛ್', 'ಪೂನ್ಛ್' ಅಂದರು. ನಡುವೆ ಒಂದು ನ ಕಾರ ತುರುಕದೆ ಒಬ್ಬರಿಗೂ ಬರಲಿಲ್ಲ. ಈಗ ನಗುವ ಸರದಿ ಅವಳದು. ಇಲ್ಲಿರುವ ಕೊಂಕಣಿ ಮನೆಯ ಮಕ್ಕಳಿಗೆ ಅದು ಲೀಲಾಜಾಲ, ಅವರ ಭಾಷೆಯಲ್ಲಿ ಮೂಗಿನ ಸ್ವರಗಳಿವೆ. ನಮ್ಮ ಕನ್ನಡಕ್ಕೆ ಅವು ಬೇಕಾಗಲಿಲ್ಲ.

ಈಗ ಎಲ್ಲರೂ ನನ್ನ ಜೊತೆ 'ಲ' ಅನ್ನಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. ಈಗ 'ಳ' ಅನ್ನಿ. ತುದಿ ಹಿಂದಕ್ಕೆ ಮಡಚಿಕೊಂಡು ಅಂಗುಳಕ್ಕೆ ತಾಗಿತು, ಅಲ್ಲವೇ? ಒಂದು ಬೆರಳಿನಷ್ಟೂ ದೂರವಿಲ್ಲದ ಈ ಜಾಗದ ವ್ಯತ್ಯಾಸದಲ್ಲೇ ನಮ್ಮ ಹಾಲು ಹಾಳಾಗುತ್ತದೆ, ಬಲೆ ಬಳೆಯಾಗುತ್ತದೆ. ನಮ್ಮ ಊರಿನ ಹೆಸರಿನ ನಡುವೆಯೇ ಕೂತಿದೆ ಈ ಳ. ಇಂಗ್ಲಿಷಿನವರಲ್ಲಿ ಅದಿಲ್ಲ, ಅವರ ಬಾಯಲ್ಲಿ ಊರು ಬ್ಯಾಂಗಲೋರ್ ಆಯಿತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು ಅಂತಲೇ ಬರೆಯಬೇಕು ಅಂತಾಯಿತು. ಬರವಣಿಗೆ ಬದಲಾಯಿತು ಸರಿ, ಆದರೆ ಆ ಲಿಪಿಯಲ್ಲಿ ಳ ಕಾರಕ್ಕೆ ಅಕ್ಷರ ಎಲ್ಲಿಂದ ತರುವುದು? ಹೊಸಬರು ಓದುವುದು ಇವತ್ತಿಗೂ 'ಬೆಂಗಲೂರು' ಅಂತಲೇ.

ಹಾಗಾದರೆ ಕೆಲವರ ಬಾಯಿ ಬೇರೆ ಥರ ಇರುತ್ತದೆಯೇ? ಒಂದು ಪರೀಕ್ಷೆ ಮಾಡೋಣ. ಯಾರಾದರೂ ಬಿದ್ದು ಮಂಡಿ ತರಚಿಕೊಂಡರೆ ಅಜ್ಜಿ "ಅಯ್ಯೋ ಪಾಪ" ಅನ್ನುವ ಮುಂಚೆ ಏನು ಸದ್ದು ಮಾಡುತ್ತಾರೆ? ಮಾಡಿ ನೋಡೋಣ. ಹಾಂ, ಅದೇ, ಲೊಚಗುಟ್ಟುವುದು. ಎಲ್ಲರಿಗೂ ಬಂತು. ಆ ಸದ್ದನ್ನು ಯಾವುದಾದರೂ ಕನ್ನಡ ಪದದ ಒಳಗೆ ಕೇಳಿದ್ದೀರಾ? ಇಲ್ಲ. ದಕ್ಷಿಣ ಆಫ್ರಿಕಾದ ಷೋಸಾ ಭಾಷೆಯಲ್ಲಿ ಅದು ನಮ್ಮ ಕ, ಚ ಇದ್ದ ಹಾಗೆ ಒಂದು ವ್ಯಂಜನ. ನೆಲ್ಸನ್ ಮಂಡೇಲಾ ಅವರ ಮನೆಮಾತು ಅದು. ಕುದುರೆ ಓಡಿಸುವವರು ಕೆನ್ನೆಯ ಪಕ್ಕದಿಂದ ಒಂದು ಸದ್ದು ಹೊರಡಿಸುತ್ತಾರಲ್ಲ, ಅದೂ ಅವರಿಗೆ ವ್ಯಂಜನ. ಆ ಭಾಷೆಯ ಹೆಸರೇ ಆ ಸದ್ದಿನಿಂದ ಶುರುವಾಗುತ್ತದೆ. ಕನ್ನಡದಲ್ಲಿ ಬರೆಯಲು ಅಕ್ಷರವಿಲ್ಲದೆ ನಾನು ಷೋಸಾ ಅಂದೆ, ಅವರು ಕೇಳಿಸಿಕೊಂಡರೆ ನಗುತ್ತಾರೆ. ಇನ್ನೊಂದು ಸ್ವಾರಸ್ಯವಿದೆ. ಈ ಸದ್ದುಗಳು ಷೋಸಾಕ್ಕೆ ಹುಟ್ಟಿನಿಂದ ಬಂದವಲ್ಲ, ಅಕ್ಕಪಕ್ಕದ ಖೋಯಿ ಮತ್ತು ಸಾನ್ ಜನರ ಒಡನಾಟದಲ್ಲಿ ಕಲಿತವು. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದ ಹಾಗೆ. ನಾವೂ ತಂದಿದ್ದೇವೆ. ನಮ್ಮಜ್ಜಿ ಕುಡಿಯುತ್ತಿದ್ದದ್ದು 'ಕಾಪಿ', ನೀವು ಕುಡಿಯುವುದು ಕಾಫಿ.

ಬಾಯಿ ಎಲ್ಲ ಸದ್ದನ್ನೂ ಮಾಡಬಲ್ಲದು, ಭಾಷೆ ತನಗೆ ಬೇಕಾದಷ್ಟನ್ನು ಆರಿಸಿಕೊಳ್ಳುತ್ತದೆ. ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕವಿಲ್ಲ. ಹವಾಯಿ ಭಾಷೆಗೆ ಎಂಟೇ ವ್ಯಂಜನ ಸಾಕಾಯಿತು. ಅದರಲ್ಲಿ ರ ಇಲ್ಲ, ಸ ಇಲ್ಲ. 'ಮೆರ್ರಿ ಕ್ರಿಸ್ಮಸ್' ಅಲ್ಲಿ 'ಮೆಲೆ ಕಲಿಕಿಮಕ' ಆಗುತ್ತದೆ. ಹಾಗಂತ ಅವರಿಗೆ ಹೇಳಲಾಗದ ಮಾತು ಉಳಿದಿಲ್ಲ. ಬೋಟ್ಸ್ವಾನಾ ಕಡೆಯ ತಾ ಎಂಬ ಭಾಷೆಯಲ್ಲಿ ನೂರಕ್ಕೂ ಮೀರಿ ಸದ್ದುಗಳಿವೆ. ನಮ್ಮ ವರ್ಣಮಾಲೆಯ 49ಕ್ಕೇ ಒದ್ದಾಡುವವರು ಅದನ್ನು ನೆನೆದು ಸಮಾಧಾನ ಪಟ್ಟುಕೊಳ್ಳಿ.

ಈ ಆಯ್ಕೆ ಯಾವಾಗ ನಡೆಯುತ್ತದೆ? ನಿಮಗೆ ನೆನಪೇ ಇಲ್ಲದ ಕಾಲದಲ್ಲಿ. ಕೆನಡಾದ ಇಬ್ಬರು ಸಂಶೋಧಕರು, ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, 1984ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಮ್ಮನ ತೊಡೆಯ ಮೇಲೆ ಕೂತ ಕೂಸಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ತ, ತ, ತ, ತ ಅಂತ ಬರುತ್ತಾ ಇದ್ದಕ್ಕಿದ್ದ ಹಾಗೆ ಟ ಬಂದಾಗ ಮಗು ತಿರುಗಿ ನೋಡಿದರೆ ಪಕ್ಕದಲ್ಲಿ ಒಂದು ಆಟಿಕೆ ಕುಣಿಯುತ್ತದೆ. ಬರೀ ಇಂಗ್ಲಿಷ್ ಕೇಳಿ ಬೆಳೆಯುತ್ತಿದ್ದ ಕೂಸುಗಳು ಇವು. ಇಂಗ್ಲಿಷಿಗೆ ಈ ವ್ಯತ್ಯಾಸ ಬೇಕಿಲ್ಲ. ಆದರೂ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಹೆಚ್ಚಿನವು ಟಕ್ಕನೆ ತಿರುಗಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವು ತಿರುಗುವುದನ್ನೇ ಬಿಟ್ಟಿದ್ದವು. ಹಿಂದಿ ಮನೆಯ ಮಕ್ಕಳು ಆ ವಯಸ್ಸಿನಲ್ಲೂ ತಿರುಗುತ್ತಿದ್ದವು.

ಒಂದು ವರ್ಷ ತುಂಬುವುದರೊಳಗೆ ಕಿವಿಗೆ ಜರಡಿ ಕಟ್ಟಿಬಿಟ್ಟಿರುತ್ತದೆ, ನೋಡಿ. ಮನೆಯಲ್ಲಿ ಅರ್ಥ ಬದಲಿಸುವ ಸದ್ದು ಮೇಲೆ ಉಳಿಯುತ್ತದೆ, ಬದಲಿಸದ್ದು ಸೋರಿಹೋಗುತ್ತದೆ. ನಿಮ್ಮ ಜರಡಿಯೂ ಸೋರುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಪಿನ್ನು' ಅನ್ನಿ. ಗಾಳಿ ಅಷ್ಟಾಗಿ ತಾಗುವುದಿಲ್ಲ. ಲಂಡನ್ನಿನವರು ಅದೇ ಪದ ಹೇಳಿದರೆ ಉಸಿರು ಅಂಗೈಗೆ ಹೊಡೆಯುತ್ತದೆ. ಅಂದರೆ ಮಹಾಪ್ರಾಣ ಅವರ ಬಾಯಲ್ಲಿ ದಿನವಿಡೀ ಇದೆ, ಅದೊಂದು ಬೇರೆ ಅಕ್ಷರ ಅಂತ ಅವರಿಗೆ ಅನ್ನಿಸುವುದೇ ಇಲ್ಲ. ಒಂದು ಸದ್ದು ಭಾಷೆಯಲ್ಲಿ 'ಇಲ್ಲ' ಅಂದರೆ ಎಷ್ಟೋ ಸಲ ಇಷ್ಟೇ ಅರ್ಥ.

ಇನ್ನು ನನ್ನದೇ ಒಂದು ಹಳೇ ಗಾಯ. ನಾನು ಹಾಸನದ ಕಡೆಯವನು. ನಮ್ಮೂರಲ್ಲಿ ಅದನ್ನು 'ಆಸ್ನ' ಅಂತಾರೆ. ಹೈಸ್ಕೂಲಿಗೆ ಬೆಂಗಳೂರಿಗೆ ಬಂದಾಗ ಮೇಷ್ಟ್ರೊಬ್ಬರು ದಿನಾ ನನ್ನನ್ನು ಎಬ್ಬಿಸಿ "ಹಾವಿಗೆ ಹಾಲು ಹಾಕಿದ" ಅಂತ ಹೇಳಿಸುತ್ತಿದ್ದರು. "ಆವಿಗೆ ಆಲು ಆಕಿದ" ಅನ್ನುತ್ತಿದ್ದೆ. ನಲವತ್ತು ಜನರ ನಗು. ಆಮೇಲೆ ಭಯಕ್ಕೆ ಎಲ್ಲದಕ್ಕೂ ಹ ಕಾರ ಹಚ್ಚತೊಡಗಿ, ಒಂದು ಸಂಜೆ ಅಂಗಡಿಯವನ ಹತ್ತಿರ ಎರಡು ಕೇಜಿ ಹಕ್ಕಿ ಕೇಳಿದ್ದೆ. ಕೊನೆಗೆ ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ಹಳಗನ್ನಡ ಓದಿದಾಗ ನನಗೆ ಸಿಟ್ಟೂ ಬಂತು, ನಗುವೂ ಬಂತು. 10ನೆಯ ಶತಮಾನದ ಪಂಪನ ಕಾಲದಲ್ಲಿ ಹಾಲು 'ಪಾಲ್' ಆಗಿತ್ತು, ಹಾವು 'ಪಾವು' ಆಗಿತ್ತು. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ಶುರುವಾಗುವುದೂ ಪ ಕಾರದಿಂದಲೇ. ತಮಿಳರೂ ತೆಲುಗರೂ ಇವತ್ತಿಗೂ ಪ ಕಾರವನ್ನು ಬಿಟ್ಟಿಲ್ಲ, ತೆಲುಗಿನಲ್ಲಿ ಪಾಲು, ತಮಿಳಿನಲ್ಲಿ ಪಾಲ್. ನಮ್ಮವರ ತುಟಿ ಸಡಿಲವಾಗಿ ಪ ಹೋಗಿ ಹ ಉಳಿಯಿತು. ನಮ್ಮೂರಿನವರು ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹ ಕಾರವನ್ನೂ ಬಿಟ್ಟರು. ಪಾಲು, ಹಾಲು, ಆಲು. ಮೊದಲ ಹೆಜ್ಜೆಗೆ ವ್ಯಾಕರಣ, ಎರಡನೆಯದಕ್ಕೆ ನಗು! ಪರೀಕ್ಷೆಯಲ್ಲಿ ಹಾಲು ಅಂತಲೇ ಬರೆಯಿರಿ, ಇಲ್ಲದಿದ್ದರೆ ನಾನೇ ಅಂಕ ಕಳೆಯುತ್ತೇನೆ. ಮನೆಯಲ್ಲಿ ಅಜ್ಜಿ 'ಆಲು ಕುಡಿ' ಅಂದರೆ ಸುಮ್ಮನೆ ಕುಡಿಯಿರಿ.

ಇನ್ನೊಂದು ಸದ್ದನ್ನು ನಾವು ಪೂರಾ ಕಳೆದುಕೊಂಡಿದ್ದೇವೆ. ಅದರ ಅಕ್ಷರ 'ೞ'. ಹಲ್ಮಿಡಿಯ ಕಲ್ಲಿನ ಮೇಲೆ ಅದಿದೆ. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಅದು ಬರುವ ಪದಗಳನ್ನು ಪಟ್ಟಿ ಮಾಡಿಟ್ಟ. ಪಟ್ಟಿ ಬೇಕಾಯಿತು ಅಂದರೆ ಆಗಲೇ ಜನರ ಬಾಯಲ್ಲಿ ಅದು ಕಲಸಿಹೋಗಿತ್ತು ಅಂತ ನನ್ನ ಲೆಕ್ಕ. ನಮ್ಮ ಏಳು, ಕೋಳಿ ಎರಡರಲ್ಲೂ ಹಿಂದೆ ಇದ್ದದ್ದು ಆ ೞ. ತಮಿಳು, ಮಲಯಾಳಂ ಅದನ್ನು ಉಳಿಸಿಕೊಂಡಿವೆ. 'ತಮಿಳು' ಅನ್ನುವ ಹೆಸರಿನ ಕೊನೆಯಲ್ಲಿರುವುದೂ ಅದೇ, ನಾವು ಕೇಳಿಸಿಕೊಳ್ಳುವುದು ಮಾತ್ರ ಳ. ಹಲ್ಲಿಗೆ ಹೋದ ಹುಡುಗಿಯ ಸ್ಥಿತಿಯಲ್ಲೇ ಇದ್ದೇವೆ ನಾವು.

ಈಗ ಬುಟ್ಟಿಗೆ ಬರೋಣ. ಬಾಳೆಹಣ್ಣು. ಹಿಂದೆ ಇದು ಬಾೞೆ, ಅದು ಪಣ್ಣು. ಒಂದೇ ಪದದಲ್ಲಿ ಒಂದು ಸದ್ದು ಸತ್ತಿದೆ, ಇನ್ನೊಂದು ವೇಷ ಬದಲಿಸಿದೆ. ತಮಿಳಿನಲ್ಲಿ ಇದಕ್ಕೆ ವಾೞೈಪ್ಪೞಂ, ಎರಡೆರಡು ಸಲ ೞ. ಅಲ್ಲಿ ಕೂಡ ಎಷ್ಟೋ ಜನ ಅದನ್ನು ಳ ಮಾಡಿಯೇ ಹೇಳುತ್ತಾರಂತೆ. ಆದರೆ ಎಂಟನೇ ತರಗತಿಯ ಒಬ್ಬನ ಅಮ್ಮ ಇಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರು ಸರಿಯಾಗಿ ಹೇಳುತ್ತಾರೆ ಅಂತ ಅವರ ಮಗ ನನಗೆ ಗ್ಯಾರಂಟಿ ಕೊಟ್ಟಿದ್ದಾನೆ. ಅಮ್ಮ, ಒಂದು ನಿಮಿಷ ಮೇಲೆ ಬನ್ನಿ, ಮೈಕು ತಗೊಳ್ಳಿ. ಮಕ್ಕಳೇ, ಅವರು ಮೂರು ಸಲ ಹೇಳುತ್ತಾರೆ. ಅವರ ಬಾಯಿ ನೋಡುವುದಕ್ಕಿಂತ ಕಣ್ಣು ಮುಚ್ಚಿ ಕೇಳಿ. ಆಮೇಲೆ ಸಾಲಾಗಿ ಬಂದು, ಅವರ ಹಾಗೆ ಹೇಳಲು ಒಂದು ಸಲ ಪ್ರಯತ್ನಿಸಿ, ಹಣ್ಣು ತೆಗೆದುಕೊಂಡು ಹೋಗಿ. ಬಂದರೂ ಹಣ್ಣು, ಬರದಿದ್ದರೂ ಹಣ್ಣು. ಸಿಪ್ಪೆ ಮಾತ್ರ ಮೆಟ್ಟಿಲ ಪಕ್ಕದ ಹಸಿರು ಡಬ್ಬಕ್ಕೆ.