ಬಾಜಿ ಇತ್ಯರ್ಥದ ನಿಯಮಗಳು: ಬಳ್ಳಾರಿ ಮುನ್ಸಿಪಲ್ ಮೈದಾನದ ಕ್ರಿಕೆಟ್ ಪಂದ್ಯಾವಳಿ

ಇಲ್ಲಿ ಬಾಜಿ ಪಾಯಿಂಟ್‌ಗಳದ್ದು, ದುಡ್ಡಿನದ್ದಲ್ಲ.

ಮಳೆಗೆ ಆಟ ನಿಂತು ಅಂದೇ ಫಲಿತಾಂಶ ಬರದಿದ್ದರೆ ಗೆಲುವಿನ ಬಾಜಿ ರದ್ದು, ಹಾಕಿದ್ದು ವಾಪಸ್. ಮೊದಲ ವಿಕೆಟ್ ಯಾರದೆಂಬಂಥ, ಆಗಲೇ ತೀರ್ಮಾನವಾದ ಬಾಜಿ ಮಾತ್ರ ಊರ್ಜಿತ. ಹಲವು ಪಂದ್ಯಗಳ ದರ ಗುಣಿಸುವ ಜೋಡಿ ಬಾಜಿಯಲ್ಲಿ ರದ್ದಾದ ಪಂದ್ಯದ ದರ 1.00.

ಟೈ ಆದರೆ ಸೂಪರ್ ಓವರ್ ಲೆಕ್ಕಕ್ಕೆ. ಅದು ನಡೆಯದಿದ್ದರೆ ರದ್ದು.

ಇಬ್ಬರು ತಲಾ 212 ರನ್ ಗಳಿಸಿ ಅಗ್ರ ಬ್ಯಾಟರ್ ಆದರೆ, 4.00 ದರಕ್ಕೆ ಹಾಕಿದ 100ರಲ್ಲಿ 50 ಗೆದ್ದಂತೆ, 50 ಸೋತಂತೆ. ಗೆದ್ದ 50ಕ್ಕೆ ನಾಲ್ಕು ಪಟ್ಟು, ಕೈಗೆ 200. ಜಗಳವೆಲ್ಲ ಇಲ್ಲೇ: ಲಾಭ 300ರ ಅರ್ಧಕ್ಕೆ 100 ಸೇರಿಸಿ 250 ಕೇಳುವವರಿದ್ದಾರೆ. ಭಾಗ ಮಾಡುವುದು ಹಾಕಿದ್ದನ್ನು, ಲಾಭವನ್ನಲ್ಲ.

1.80 ಬದಲು 18.0 ಬರೆದದ್ದು ಕಣ್ಣಿಗೆ ರಾಚುವ ತಪ್ಪು. ಆಟ ಮುಗಿದ ಮೇಲೆ ಗೊತ್ತಾದರೂ 1.80ಕ್ಕೇ ಇತ್ಯರ್ಥ. 1.90 ಬರೆದಿದ್ದರೆ ಅದು ನಮ್ಮ ಎಡವಟ್ಟು, ಹಾಗೇ ಕೊಡುತ್ತೇವೆ.